ಹಳೆ ಹೊಲಿಗೆ ಮಷಿನ್ ಮಾರಾಟಕ್ಕಿದೆ: ಜಾಹೀರಾತು ಓದೋದು ಹೇಗೆ, ಹೊಲಿದು ನೋಡೋದು ಹೇಗೆ?

ಅರಸೀಕೆರೆ: "ಹೊಲಿಗೆ ಮಷಿನ್ ಮಾರಾಟಕ್ಕಿದೆ. ಮೋಟಾರ್ ಇದೆ. ಒಳ್ಳೆ ಕಂಡೀಷನ್. 6,500 ರೂ. ಬಂದು ತಗೊಂಡು ಹೋಗಬೇಕು."

ಅಂಗಡಿ ಗೋಡೆಯ ಚೀಟಿಯಲ್ಲೋ ಮೊಬೈಲ್‌ನಲ್ಲೋ ಇಂಥ ಜಾಹೀರಾತು ಎಲ್ಲರೂ ನೋಡಿರುತ್ತಾರೆ. ಗೌರಿ ಹಬ್ಬ, ಮದುವೆ ಸೀಸನ್ ಹತ್ತಿರ ಬಂತು ಅಂದ್ರೆ ಬ್ಲೌಸ್ ಹೊಲಿಯೋರಿಗೆ ಎರಡನೇ ಮಷಿನ್ ಬೇಕಾಗುತ್ತೆ. ಹೊಸದಕ್ಕೆ ದುಡ್ಡು ಸಾಲದೆ ಹಳೆಯದು ಹುಡುಕುತ್ತಾರೆ. ತಂದ ಮೇಲೆ ಹೊಲಿಗೆ ಬಿಡ್ತಾ ಇದ್ರೆ 6,500 ರೂಪಾಯಿ ಮಾತ್ರ ಹೋಗೋದಿಲ್ಲ, ಹಬ್ಬಕ್ಕೆ ಅಂತ ಒಪ್ಪಿಕೊಂಡ ಬಟ್ಟೆಯನ್ನೂ ವಾಪಸ್ ಕೊಡಬೇಕಾಗುತ್ತೆ. ಮಾರುವವರಿಗೂ ತಲೆನೋವು ತಪ್ಪಲ್ಲ. ಮಷಿನ್ ಸರಿ ಇದ್ದರೂ ಜಾಹೀರಾತಿನಲ್ಲಿ ವಿವರ ಇಲ್ಲದೆ ಹತ್ತು ಜನ ಬಂದು ನೋಡಿ, ಚೌಕಾಸಿ ಮಾಡಿ ಹೋಗುತ್ತಾರೆ.

ಮೇಲಿನ ಜಾಹೀರಾತಿನಲ್ಲಿ ಮುಖ್ಯವಾದ ಐದು ವಿಷಯಗಳಿಗೆ ಸರಿಯಾದ ಉತ್ತರ ಇಲ್ಲ. ಯಾವ ಬಗೆಯ ಮಷಿನ್, ಯಾವ ಮೋಟಾರ್, ಜೊತೆಗೆ ಏನೇನು ಬರುತ್ತೆ, ಹೊಲಿದು ನೋಡಿದಾಗ ಏನಾಯ್ತು, ಒಯ್ಯುವ ಷರತ್ತು ಏನು. ಈ ಐದರಲ್ಲಿ ಬೆಲೆ ನಿರ್ಧಾರ ಆಗಬೇಕಾದ್ದು ನಾಲ್ಕನೆಯದರ ಮೇಲೆ. ಬಣ್ಣ, ಕಂಪನಿ ಹೆಸರು, ಮೋಟಾರ್ ಎಲ್ಲವೂ ಆಮೇಲೆ.

ಲೆಕ್ಕ ಅರ್ಥವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾಣಾವರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವ ಒಬ್ಬ ಮಹಿಳೆ ಈ ಜಾಹೀರಾತು ನೋಡಿ ಅರಸೀಕೆರೆಗೆ ಬರುತ್ತಾರೆ ಅಂದುಕೊಳ್ಳಿ. ಅವರು ಏನು ಕೇಳಬೇಕು, ಏನು ನೋಡಬೇಕು ಅನ್ನೋದನ್ನ ಒಂದೊಂದಾಗಿ ನೋಡೋಣ.

ಯಾವ ಮಷಿನ್?

ನಮ್ಮ ಕಡೆ ಹೆಚ್ಚಾಗಿ ಮಾರಾಟಕ್ಕೆ ಬರೋದು ಕಪ್ಪು ಬಣ್ಣದ, ಕಬ್ಬಿಣದ ತಲೆಯ ಮಷಿನ್. ಕೆಳಗೆ ಸ್ಟ್ಯಾಂಡ್, ಕಾಲಲ್ಲಿ ತುಳಿಯುವ ಪೆಡಲ್, ಚರ್ಮದ ಬೆಲ್ಟ್ ಇರುತ್ತೆ. ಇದು ನೇರ ಹೊಲಿಗೆ ಮಾತ್ರ ಹಾಕುತ್ತೆ. ಬ್ಲೌಸ್, ಲಂಗ, ದಿಂಬಿನ ಕವರ್, ಸ್ಕೂಲ್ ಯೂನಿಫಾರಂ ಎಲ್ಲದಕ್ಕೂ ಇದು ಸಾಕು. ಆದರೆ ಸೀರೆಗೆ ಪಿಕೋ ಮಾಡಬೇಕು ಅಂದ್ರೆ ಸೂಜಿ ಎಡಕ್ಕೆ ಬಲಕ್ಕೆ ಆಡುವ ಜಿಗ್‌ಜಾಗ್ ಮಷಿನ್ ಬೇಕು. ಬಟ್ಟೆಯ ಅಂಚು ಬಿಚ್ಚದಂತೆ ಮೂರು-ನಾಲ್ಕು ದಾರದಲ್ಲಿ ಹೆಣೆಯೋದಕ್ಕೆ ಓವರ್‌ಲಾಕ್ ಮಷಿನ್ನೇ ಬೇರೆ. "ಎಲ್ಲಾ ಹೊಲಿಗೆ ಬರುತ್ತೆ" ಅಂತ ಯಾರಾದ್ರೂ ಹೇಳಿದ್ರೆ ಪಿಕೋ ಮಾಡಿ ತೋರಿಸಿ ಅನ್ನಬೇಕು.

ಇನ್ನೊಂದು ಬಗೆ ಗಾರ್ಮೆಂಟ್ಸ್‌ನಲ್ಲಿ ಓಡುವ ಪವರ್ ಮಷಿನ್. ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಬಂದವರು ಇದನ್ನೇ ಹುಡುಕೋದುಂಟು, ಕೈ ಅದಕ್ಕೇ ಪಳಗಿರುತ್ತೆ. ಇದು ಬಹಳ ವೇಗ, ಆದರೆ ಟೇಬಲ್ ಸಮೇತ ಭಾರಿ ತೂಕ. ಎರಡಕ್ಕೂ ಸೂಜಿ ಬೇರೆ ಬೇರೆ. ಮನೆ ಮಷಿನ್ ಸೂಜಿಯ ಮೇಲ್ಭಾಗದಲ್ಲಿ ಒಂದು ಬದಿ ಚಪ್ಪಟೆ ಇರುತ್ತೆ, ಪವರ್ ಮಷಿನ್ ಸೂಜಿ ಸುತ್ತಲೂ ಗುಂಡಗಿರುತ್ತೆ. ಅಂಗಡಿಯಲ್ಲಿ ಸೂಜಿ ಕೇಳುವಾಗ ಇದು ಗೊತ್ತಿರಬೇಕು.

ಮೋಟಾರ್ ಇದೆ ಅಂದ್ರೆ ಯಾವ ಮೋಟಾರ್?

ಕಪ್ಪು ಮಷಿನ್‌ಗೆ ಸಾಮಾನ್ಯವಾಗಿ ಹಿಂಭಾಗದಲ್ಲಿ ಒಂದು ಸಣ್ಣ ಮೋಟಾರ್ ಕೂರಿಸಿ, ರಬ್ಬರ್ ಬೆಲ್ಟ್ ಹಾಕಿ, ಕಾಲಲ್ಲಿ ಒತ್ತುವ ರೆಗ್ಯುಲೇಟರ್ ಕೊಟ್ಟಿರುತ್ತಾರೆ. ಇದು ಆಮೇಲೆ ಸೇರಿಸಿದ್ದು, ಬೇಕಾದ್ರೆ ಬದಲಾಯಿಸಬಹುದು. ಆದ್ದರಿಂದ ಮೋಟಾರ್ ನೋಡಿ ಮಷಿನ್ ತೆಗೆದುಕೊಳ್ಳಬಾರದು.

ಪವರ್ ಮಷಿನ್‌ಗೆ ಎರಡು ಬಗೆಯ ಮೋಟಾರ್ ಬರುತ್ತೆ. ಹಳೆಯದು ಕ್ಲಚ್ ಮೋಟಾರ್. ಸ್ವಿಚ್ ಹಾಕಿದ ಕೂಡಲೇ ಗುಂಯ್ ಅಂತ ತಿರುಗ್ತಾನೇ ಇರುತ್ತೆ, ಹೊಲಿದರೂ ಹೊಲಿಯದಿದ್ದರೂ ಕರೆಂಟ್ ಎಳೆಯುತ್ತೆ. ಹೊಸದು ಸರ್ವೋ ಮೋಟಾರ್. ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತೆ, ವೇಗ ಕಡಿಮೆ ಮಾಡಿಟ್ಟುಕೊಳ್ಳಬಹುದು. ಕಲಿಯುವವರಿಗೆ, ಮನೆಯಲ್ಲಿ ಹೊಲಿಯುವವರಿಗೆ ಸರ್ವೋ ಅನುಕೂಲ. ಫ್ಯಾಕ್ಟರಿಯಿಂದ ಬಂದ ಕ್ಲಚ್ ಮೋಟಾರ್ ಆದರೆ ಸಿಂಗಲ್ ಫೇಸ್ ಹೌದೋ ತ್ರೀ ಫೇಸ್ ಹೌದೋ ಅಂತ ಅದರ ಮೇಲಿನ ತಗಡಿನ ಚೀಟಿ ಓದಲೇಬೇಕು. ತ್ರೀ ಫೇಸ್ ಮೋಟಾರ್ ಮನೆಯ ಮಾಮೂಲಿ ಪ್ಲಗ್‌ನಲ್ಲಿ ಓಡಲ್ಲ.

ನಮ್ಮ ಉದಾಹರಣೆಯಲ್ಲಿ ಇರೋದು ಕಪ್ಪು ಮಷಿನ್, ಸಣ್ಣ ಮೋಟಾರ್. ಇಲ್ಲಿ ಮೊದಲು ಮಾಡಬೇಕಾದ ಕೆಲಸ ಪ್ಲಗ್ ತೆಗೆದು, ಬೆಲ್ಟ್ ಕಳಚಿ, ಚಕ್ರವನ್ನ ಕೈಯಲ್ಲಿ ತಿರುಗಿಸೋದು. ಎರಡು ಬೆರಳಲ್ಲಿ ಹಗುರವಾಗಿ ತಿರುಗಬೇಕು. ಎಲ್ಲೋ ಒಂದು ಕಡೆ ಮಾತ್ರ ಗಟ್ಟಿಯಾದ್ರೆ ಶಟಲ್ ಹತ್ತಿರ ದಾರ ಸಿಕ್ಕಿರಬಹುದು ಅಥವಾ ಯಾವುದೋ ಭಾಗ ಬಾಗಿರಬಹುದು. ಪೂರ್ತಿ ಸುತ್ತೂ ಬಿಗಿಯಾಗಿದ್ರೆ ಹೆಚ್ಚಾಗಿ ಹಳೆ ಎಣ್ಣೆ ಅಂಟಾಗಿ ಒಣಗಿರುತ್ತೆ. ಇದು ಸೀಮೆಎಣ್ಣೆಯಲ್ಲಿ ತೊಳೆದು ಮಷಿನ್ ಎಣ್ಣೆ ಬಿಟ್ಟರೆ ಸರಿಹೋಗುವ ಕಾಯಿಲೆ. ತಲೆಗೆ ಹಾಕೋ ಕೊಬ್ಬರಿ ಎಣ್ಣೆ ಬಿಟ್ಟ ಮಷಿನ್‌ಗಳಲ್ಲಿ ಇದು ಜಾಸ್ತಿ.

ಆಮೇಲೆ ಬೆಲ್ಟ್ ಹಾಕಿ ರೆಗ್ಯುಲೇಟರ್ ಮೆಲ್ಲಗೆ ಒತ್ತಿ. ನಿಧಾನವಾಗಿ ಶುರುವಾಗಬೇಕು. ಒತ್ತಿದ ತಕ್ಷಣ ಒಮ್ಮೆಲೇ ಪೂರ್ತಿ ವೇಗಕ್ಕೆ ಹಾರಿದ್ರೆ ರೆಗ್ಯುಲೇಟರ್ ಕೆಟ್ಟಿದೆ. ಐದು ನಿಮಿಷ ಬಿಟ್ಟು ಬಿಟ್ಟು ಓಡಿಸಿ ಮೋಟಾರ್ ಮುಟ್ಟಿ ನೋಡಿ. ಬೆಚ್ಚಗಾಗೋದು ಸಹಜ, ಕೈ ಇಡಲು ಆಗದಷ್ಟು ಕಾದರೆ, ಸುಟ್ಟ ವಾಸನೆ ಬಂದರೆ ಬೇಡ. ಬೆಲ್ಟ್ ಅತಿ ಬಿಗಿಯಾಗಿದ್ದರೂ ಮೋಟಾರ್ ಕಾಯುತ್ತೆ, ಅದನ್ನೂ ನೋಡಿಕೊಳ್ಳಿ. ಕಾಲಲ್ಲಿ ತುಳಿಯುವ ಪೆಡಲ್, ದೊಡ್ಡ ಚಕ್ರ ಹಾಗೇ ಉಳಿದಿದ್ರೆ ಕರೆಂಟ್ ಹೋದಾಗಲೂ ಕೆಲಸ ನಿಲ್ಲಲ್ಲ. ಅದಕ್ಕೆ ಒಂದಿಷ್ಟು ಬೆಲೆ ಜಾಸ್ತಿ ಕೊಡಬಹುದು.

ಜೊತೆಗೆ ಏನೇನು?

"ಎಲ್ಲಾ ಸಾಮಾನು ಸಮೇತ" ಅನ್ನೋದು ಲೆಕ್ಕವಲ್ಲ. ಇಲ್ಲದಿದ್ರೆ ಮಷಿನ್ ಓಡದ ಸಾಮಾನು ಬೇರೆ, ಇದ್ರೆ ಅನುಕೂಲ ಅನ್ನುವ ಸಾಮಾನು ಬೇರೆ. ಬಾಬಿನ್ ಕೇಸ್, ಶಟಲ್, ಕನಿಷ್ಠ ಎರಡು ಬಾಬಿನ್, ಬಟ್ಟೆ ಒತ್ತುವ ಫೂಟ್, ಸೂಜಿ ಕೆಳಗಿನ ತಗಡು, ಬೆಲ್ಟ್, ಮೋಟಾರ್ ಇದ್ರೆ ರೆಗ್ಯುಲೇಟರ್ ಇವೆಲ್ಲ ಮೊದಲನೆಯ ಗುಂಪು. ಜಿಪ್ ಫೂಟ್, ಅಂಚು ಮಡಚುವ ಫೋಲ್ಡರ್, ಲೈಟ್, ಎಣ್ಣೆ ಡಬ್ಬಿ, ಮೇಲಿನ ಮುಚ್ಚಳ ಎರಡನೆಯದು.

ಇದರಲ್ಲಿ ಬಾಬಿನ್ ಕೇಸ್ ಒಂದನ್ನ ಅಲ್ಲೇ ಪರೀಕ್ಷೆ ಮಾಡಬಹುದು. ದಾರ ಸುತ್ತಿದ ಬಾಬಿನ್ ಹಾಕಿ, ದಾರದ ತುದಿ ಹಿಡಿದು ಕೇಸನ್ನ ಗಾಳಿಯಲ್ಲಿ ತೂಗುಬಿಡಿ. ತಾನಾಗಿ ಸರ್ರನೆ ಕೆಳಗೆ ಇಳಿಯಬಾರದು. ಕೈಯನ್ನ ಸ್ವಲ್ಪ ಜಗ್ಗಿದಾಗ ಒಂದೆರಡು ಇಂಚು ಇಳಿದು ನಿಂತರೆ ಸರಿ ಇದೆ. ಸಣ್ಣ ಸ್ಕ್ರೂ ಎಷ್ಟು ತಿರುಗಿಸಿದರೂ ನಿಲ್ಲದಿದ್ರೆ ಒಳಗಿನ ಸ್ಪ್ರಿಂಗ್ ಸೋತಿದೆ, ಕೇಸ್ ಹೊಸದು ಬೇಕು.

ಹೊಲಿದು ನೋಡುವುದು

ಮಾರುವವರು ಸಾಮಾನ್ಯವಾಗಿ ಬಿಳಿ ಬಟ್ಟೆ ಮೇಲೆ ಬಿಳಿ ದಾರದಲ್ಲಿ ನಾಲ್ಕು ಇಂಚು ಹೊಲಿದು ತೋರಿಸುತ್ತಾರೆ. ಅದರಲ್ಲಿ ಏನೂ ಗೊತ್ತಾಗಲ್ಲ. ಹೋಗುವಾಗ ಚೀಲದಲ್ಲಿ ಇಷ್ಟು ಇರಲಿ: ಕೆಂಪು ಮತ್ತು ನೀಲಿ ದಾರದ ರೀಲ್, 14 ಮತ್ತು 16ನೇ ನಂಬರಿನ ಹೊಸ ಸೂಜಿ, ಬಿಳಿ ಕಾಟನ್ ತುಂಡು, ಹಳೆ ಜೀನ್ಸ್ ಪ್ಯಾಂಟಿನ ಕಾಲಿನ ಅಂಚು, ಒಂದು ಗೆರೆ ಹಾಳೆ.

ಮೊದಲು ದಾರ ಇಲ್ಲದೆ ಗೆರೆ ಹಾಳೆ ಮೇಲೆ ಓಡಿಸಿ. ಗೆರೆ ಮೇಲೆ ಇಟ್ಟು ಹಾಳೆಯನ್ನ ಎಳೆಯದೆ, ದಾರಿ ತಪ್ಪದಂತೆ ಬೆರಳು ಮಾತ್ರ ತಾಗಿಸಿರಿ. ತೂತುಗಳ ನಡುವಿನ ಅಂತರ ಒಂದೇ ಸಮ ಇರಬೇಕು, ಸಾಲು ಗೆರೆ ಬಿಟ್ಟು ವಾರೆ ಹೋಗಬಾರದು. ಬ್ಲೌಸ್ ಹೊಲಿಗೆಗೆ ಇಂಚಿಗೆ 10ರಿಂದ 12 ಹೊಲಿಗೆ ಇಟ್ಟುಕೊಳ್ತಾರೆ. ಲಿವರ್ ಅಲ್ಲಿಗೆ ಇಟ್ಟು ಮೂರು ಇಂಚಿನಲ್ಲಿ ಎಷ್ಟು ತೂತು ಬಂತು ಎಣಿಸಿ. ಒಮ್ಮೆ 32, ಮತ್ತೊಮ್ಮೆ 31 ಬಂದರೆ ತೊಂದರೆ ಇಲ್ಲ. ಒಮ್ಮೆ 26, ಇನ್ನೊಮ್ಮೆ 35 ಬಂದರೆ ಕೆಳಗಿನ ಹಲ್ಲು ಹಾಳೆಯನ್ನ ಸರಿಯಾಗಿ ತಳ್ಳುತ್ತಿಲ್ಲ. ತಕ್ಷಣ ಬೇಡ ಅನ್ನಬೇಡಿ. ಸೂಜಿ ಕೆಳಗಿನ ತಗಡು ಬಿಚ್ಚಿ ಹಲ್ಲಿನ ಸಂದಿಯಲ್ಲಿ ಕೂತಿರುವ ಬಟ್ಟೆ ಧೂಳನ್ನ ಬ್ರಷ್‌ನಲ್ಲಿ ತೆಗೆದು ಮತ್ತೆ ನೋಡಿ. ಆಗಲೂ ಹಾಗೇ ಇದ್ದು, ಬೆರಳಿಗೆ ಹಲ್ಲು ಚುಚ್ಚದೆ ನುಣ್ಣಗಿದ್ದರೆ ಹಲ್ಲು ಸವೆದಿದೆ. ಲಿವರ್ ಎತ್ತಿ ಹಿಂದಕ್ಕೂ ಓಡಿಸಿ ನೋಡಿ. ಹಳೆ ಮಷಿನ್‌ನಲ್ಲಿ ಹಿಂದಿನ ಹೊಲಿಗೆ ಸ್ವಲ್ಪ ಗಿಡ್ಡ ಬರೋದು ಮಾಮೂಲಿ, ಗಂಟು ಹಾಕೋಕೆ ಅಷ್ಟು ಸಾಕು.

ಎರಡನೆಯದು ಎರಡು ಬಣ್ಣದ ಪರೀಕ್ಷೆ. ಹಳೆ ಸೂಜಿಯ ಚಪ್ಪಟೆ ಬದಿ ಯಾವ ಕಡೆ ಇತ್ತು ನೋಡಿಕೊಂಡು ಅದನ್ನ ತೆಗೆದು, 14ನೇ ನಂಬರ್ ಹೊಸ ಸೂಜಿ ಹಾಗೇ ಹಾಕಿ. ಮೇಲೆ ಕೆಂಪು ದಾರ, ಬಾಬಿನ್‌ನಲ್ಲಿ ನೀಲಿ. ಕಾಟನ್ ಬಟ್ಟೆ ಎರಡು ಮಡಿಕೆ ಮಾಡಿ ಹೊಲಿಯಿರಿ. ಎರಡು ದಾರ ಬಟ್ಟೆಯ ಮಧ್ಯದಲ್ಲಿ ಒಂದಕ್ಕೊಂದು ಸಿಕ್ಕಿಕೊಳ್ಳಬೇಕು. ಅಂದ್ರೆ ಮೇಲ್ಗಡೆ ಕೆಂಪು ಮಾತ್ರ, ಕೆಳಗಡೆ ನೀಲಿ ಮಾತ್ರ ಕಾಣಬೇಕು. ಮೇಲ್ಗಡೆ ನೀಲಿ ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಬಿಗಿ. ಕೆಳಗಡೆ ಕೆಂಪು ದಾರ ಕುಣಿಕೆ ಕುಣಿಕೆಯಾಗಿ ಬಂದರೆ ಮೇಲಿನ ಟೆನ್ಷನ್ ಸಡಿಲ.

ನಮ್ಮ ಉದಾಹರಣೆಯ ಮಷಿನ್‌ನಲ್ಲಿ ಕೆಳಗಡೆ ಕೆಂಪು ಕುಣಿಕೆ ಬಂತು ಅಂದುಕೊಳ್ಳಿ. ತುಂಬ ಜನ ಇಲ್ಲೇ ಮಷಿನ್ ಕೆಟ್ಟಿದೆ ಅಂತ ಎದ್ದು ಬರುತ್ತಾರೆ, ಇಲ್ಲಾಂದ್ರೆ ಬಾಬಿನ್ ಸ್ಕ್ರೂ ತಿರುಗಿಸಿ ಇದ್ದದ್ದನ್ನೂ ಕೆಡಿಸುತ್ತಾರೆ. ಕಾರಣ ಹೆಚ್ಚಾಗಿ ಮೇಲೆಯೇ ಇರುತ್ತೆ. ಫೂಟ್ ಕೆಳಗೆ ಇಳಿಸಿದಾಗ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ದಾರ ಪೋಣಿಸಿದ್ರೆ ಅದು ಬಿಲ್ಲೆಗಳ ಒಳಗೆ ಕೂರದೆ ಹೊರಗೇ ಉಳಿಯುತ್ತೆ. ಫೂಟ್ ಎತ್ತಿ, ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿದಾಗ ಕುಣಿಕೆ ಹೋದರೆ ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೂರನೆಯದು ದಪ್ಪ ಬಟ್ಟೆ. ಜೀನ್ಸ್ ಕಾಲಿನ ಅಂಚಿನಲ್ಲಿ ಪಕ್ಕದ ಹೊಲಿಗೆ ಬಂದು ಸೇರುವ ಜಾಗ ಗುಡ್ಡದ ಹಾಗೆ ಎದ್ದಿರುತ್ತೆ. ಅದಕ್ಕೆ 16ನೇ ನಂಬರ್ ಸೂಜಿ ಹಾಕಿ, ಗುಡ್ಡ ಹತ್ತಿಸಿ ಇಳಿಸಿ ಹೊಲಿಯಿರಿ. ಒಳ್ಳೆ ಮಷಿನ್ ವೇಗ ಕಡಿಮೆ ಮಾಡಿದರೂ ಹೊಲಿಗೆ ಬಿಡಲ್ಲ. ನಮ್ಮ ಉದಾಹರಣೆಯಲ್ಲಿ ಗುಡ್ಡದ ಮೇಲೆ ಮೂರು ಹೊಲಿಗೆ ಬಿಟ್ಟಿತು, ಇಳಿದ ಮೇಲೆ ಮತ್ತೊಂದು. ಎರಡನೇ ಸಲ ಕಾಟನ್ ಮೇಲೆ ಉದ್ದಕ್ಕೆ ಹೊಲಿದಾಗಲೂ ಅಲ್ಲಲ್ಲಿ ಒಂದೊಂದು ಬಿಟ್ಟಿತು.

ಹೊಲಿಗೆ ಬಿಡೋದು ಯಾಕೆ ಅಂತ ತಿಳಿದರೆ ಮುಂದಿನ ಚೌಕಾಸಿ ಸುಲಭ. ಸೂಜಿ ಪೂರ್ತಿ ಕೆಳಗೆ ಹೋಗಿ ಸುಮಾರು 2 ಮಿಲಿಮೀಟರ್ ಮೇಲೆ ಬಂದಾಗ ದಾರ ಸೂಜಿ ಪಕ್ಕದಲ್ಲಿ ಸಣ್ಣ ಕುಣಿಕೆಯಾಗಿ ಉಬ್ಬುತ್ತೆ. ಆ ಕ್ಷಣಕ್ಕೆ ಸರಿಯಾಗಿ ಶಟಲ್‌ನ ಚೂಪು ಮೂತಿ ಬಂದು ಆ ಕುಣಿಕೆಯನ್ನ ಹಿಡಿದು ಬಾಬಿನ್ ದಾರದ ಸುತ್ತ ಒಯ್ಯಬೇಕು. ಮೂತಿ ಕುಣಿಕೆ ತಪ್ಪಿದರೆ ಆ ಹೊಲಿಗೆ ಬೀಳಲ್ಲ. ಸೂಜಿ ಬಾಗಿದ್ರೆ, ತಪ್ಪು ಸೂಜಿ ಹಾಕಿದ್ರೆ, ಪೂರ್ತಿ ಮೇಲಕ್ಕೆ ತಳ್ಳದಿದ್ರೆ ಹೀಗಾಗುತ್ತೆ. ಅದಕ್ಕೇ ಮೊದಲು ಹೊಸ ಸೂಜಿ ಹಾಕೋದು. ಹೊಸ ಸೂಜಿ ಸರಿಯಾಗಿ ಕೂತಿದ್ದೂ ಬಿಡ್ತಾ ಇದ್ರೆ ಮೂರು ಕಾರಣ ಉಳಿಯುತ್ತೆ: ಶಟಲ್ ಮೂತಿ ಮೊಂಡಾಗಿದೆ, ಸೂಜಿ ಹಿಡಿಯುವ ಕಂಬಿ ಜಾರಿ ಮೇಲೆ ಕೆಳಗೆ ಆಗಿದೆ, ಅಥವಾ ಎರಡರ ಹೊಂದಾಣಿಕೆ ತಪ್ಪಿದೆ.

ಮೊದಲನೆಯದನ್ನ ಅಲ್ಲೇ ನೋಡಬಹುದು. ಶಟಲ್ ಹೊರತೆಗೆದು ಮೂತಿಗೆ ಬೆರಳು ಮುಟ್ಟಿಸಿ. ಚೂಪಾಗಿ ನುಣ್ಣಗಿರಬೇಕು. ತುದಿ ಮುರಿದು ಗರಗಸದ ಹಾಗೆ ತಾಗಿದ್ರೆ ಶಟಲ್ ಬದಲಾಯಿಸಬೇಕು. ಎರಡನೆಯದಕ್ಕೆ ಸೂಜಿ ಕಂಬಿಯನ್ನ ಬೆರಳಲ್ಲಿ ಹಿಡಿದು ಪಕ್ಕಕ್ಕೆ ಅಲುಗಾಡಿಸಿ. ಕೂದಲೆಳೆಯಷ್ಟು ಆಡೋದು ಇದ್ದದ್ದೇ. ಕಟಕಟ ಅಂತ ಕಣ್ಣಿಗೆ ಕಾಣುವಷ್ಟು ಆಡಿದ್ರೆ ಅದು ಕೂರುವ ತೂತೇ ಸವೆದಿದೆ. ಶಟಲ್ ಬದಲಾಯಿಸೋದು ಸಣ್ಣ ರಿಪೇರಿ. ತಲೆಯೊಳಗಿನ ಸವೆತ ಹಾಗಲ್ಲ. ಅಂಥ ಮಷಿನ್ ಕಡಿಮೆ ಬೆಲೆಗೆ ಸಿಕ್ಕರೂ ದುಬಾರಿ.

ಬೆಲೆ ಲೆಕ್ಕ

ಉದಾಹರಣೆಯ ಮಷಿನ್‌ನಲ್ಲಿ ಕಂಬಿ ಸರಿ ಇದೆ, ಹಲ್ಲು ಸರಿ ಇದೆ, ಚಕ್ರ ಹಗುರ, ಮೋಟಾರ್ ಸರಿ ಇದೆ. ಶಟಲ್ ಮೂತಿ ಮೊಂಡು, ಬಾಬಿನ್ ಕೇಸ್ ಸ್ಪ್ರಿಂಗ್ ಸೋತಿದೆ, ರಬ್ಬರ್ ಬೆಲ್ಟ್ ಬಿರುಕು ಬಿಟ್ಟಿದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿ ಕೇಳಿದಾಗ ಶಟಲ್ ಹಾಕಿ ಸೆಟ್ ಮಾಡೋದಕ್ಕೆ 600, ಬಾಬಿನ್ ಕೇಸ್ 150, ಬೆಲ್ಟ್ 100 ಅಂದರೆ ಒಟ್ಟು 850 ರೂ. ಇವು ಲೆಕ್ಕ ತೋರಿಸೋದಕ್ಕೆ ಇಟ್ಟುಕೊಂಡ ದರ, ನಿಮ್ಮ ಊರಿನ ಮೆಕ್ಯಾನಿಕ್ ಹೇಳುವ ದರ ಹಾಕಿಕೊಳ್ಳಿ. 6,500ರಲ್ಲಿ 850 ಕಳೆದರೆ 5,650. ಕೊಳ್ಳುವವರು ಸುಮ್ಮನೆ "ಐದು ಸಾವಿರಕ್ಕೆ ಕೊಡಿ" ಅಂದ್ರೆ ಮಾರುವವರಿಗೆ ಸಿಟ್ಟು ಬರುತ್ತೆ. ಹೊಲಿದ ಬಟ್ಟೆ ಮುಂದಿಟ್ಟು "ಇಲ್ಲಿ ಬಿಟ್ಟಿದೆ ನೋಡಿ ಅಣ್ಣಾ, ಇದಕ್ಕೆ ಇಷ್ಟು ಖರ್ಚಿದೆ" ಅಂದ್ರೆ ಮಾತು ಬೇಗ ಮುಗಿಯುತ್ತೆ. ಅದೇ ಮಷಿನ್‌ನಲ್ಲಿ ಕಂಬಿ ಆಡ್ತಾ ಇದ್ದಿದ್ರೆ ಈ ಲೆಕ್ಕಾನೇ ಬೇಡ, ಬಿಟ್ಟು ಬರೋದು ವಾಸಿ.

ಒಯ್ಯುವ ಷರತ್ತು

"ಬಂದು ತಗೊಂಡು ಹೋಗಬೇಕು" ಅನ್ನೋದರ ಒಳಗೇ ಹೆಚ್ಚು ಜಗಳ ಇರೋದು. ಮಷಿನ್ ಎರಡನೇ ಮಹಡಿಯಲ್ಲಿದ್ರೆ ಇಳಿಸುವವರು ಯಾರು? ಅಡ್ವಾನ್ಸ್ ಕೊಟ್ಟ ಮೇಲೆ ಹೊಲಿಗೆ ಸರಿ ಬರದಿದ್ರೆ ದುಡ್ಡು ವಾಪಸ್ ಉಂಟಾ? ಎಷ್ಟು ದಿನ ಬೇರೆಯವರಿಗೆ ಕೊಡದೆ ಕಾಯುತ್ತಾರೆ? ಇಷ್ಟು ಮೊದಲೇ ಬರೆದಿರಬೇಕು. ನೋಡದೆ ಫೋನಲ್ಲಿ ಪೂರ್ತಿ ಹಣ ಹಾಕೋದು ಬೇಡ. ಹೊಲಿದು ನೋಡಿದ ಮೇಲೆ, ಗಾಡಿಗೆ ಏರಿಸುವ ಮುಂಚೆ ಹಣ ಕೊಟ್ಟರೆ ಇಬ್ಬರಿಗೂ ನ್ಯಾಯ.

ಮನೆಗೆ ಬಂದ ಮೇಲೆ ಏನಾದರೂ ಆದ್ರೆ "ದಾರೀಲಿ ಕುಲುಕಿ ಕೆಟ್ಟಿದೆ" ಅಂತ ಮಾರಿದವರು, "ಮೊದಲೇ ಕೆಟ್ಟಿತ್ತು" ಅಂತ ಕೊಂಡವರು ಹೇಳೋದು ಇದ್ದದ್ದೇ. ಅದಕ್ಕೆ ಹೊಲಿದ ಬಟ್ಟೆ ತುಂಡಿನ ಮೇಲೆ ಪೆನ್‌ನಲ್ಲಿ ತಾರೀಖು, ಇಬ್ಬರ ಸಹಿ ಹಾಕಿ ಇಟ್ಟುಕೊಳ್ಳಿ. ಒಂದು ಬಿಳಿ ಹಾಳೆಯಲ್ಲಿ ತಲೆಯ ಮೇಲೆ ಕೊರೆದಿರುವ ನಂಬರ್, ಕೊಟ್ಟ ಹಣ, "ಇದ್ದ ಹಾಗೆ ಮಾರಾಟ" ಅಂತ ಬರೆಸಿಕೊಳ್ಳಿ. ಕಂತಿನಲ್ಲಿ ತೆಗೆದ ಮಷಿನ್ ಆದರೆ ಕಂತು ತೀರಿದ ರಸೀದಿ ಕೇಳಿ. ಸರ್ಕಾರಿ ಯೋಜನೆಯಲ್ಲಿ ಬಂದ ಮಷಿನ್ ಅಂತ ಗೊತ್ತಾದ್ರೆ, ಮಾರಬಾರದು ಅನ್ನೋ ಷರತ್ತು ಇದೆಯಾ ಅಂತ ಆ ಇಲಾಖೆಯಲ್ಲಿ ವಿಚಾರಿಸದೆ ಕೈ ಹಾಕಬೇಡಿ.

ಗಾಡಿಗೆ ಹಾಕುವಾಗ ತಲೆಯನ್ನ ಟೇಬಲ್‌ಗೆ ಸಿಕ್ಕಿಸಿಕೊಂಡೇ ಒಯ್ದರೆ ಗುಂಡಿ ಬಿದ್ದ ರಸ್ತೆಯಲ್ಲಿ ಹಿಂಜು ಕಿತ್ತು ತಲೆ ಬೀಳುತ್ತೆ. ಪ್ಲಗ್, ಬೆಲ್ಟ್ ತೆಗೆದು, ತಲೆಯ ಹಿಂಬದಿಯ ಎರಡು ಹಿಂಜಿನ ಸ್ಕ್ರೂ ಸಡಿಲಿಸಿ ತಲೆಯನ್ನ ಬೇರೆ ಮಾಡಿ. ಅದು ಹತ್ತು ಕೆ.ಜಿ.ಗಿಂತ ಹೆಚ್ಚು ತೂಗುತ್ತೆ, ಚಕ್ರ ಹಿಡಿದು ಎತ್ತಬೇಡಿ, ತೋಳಿನ ಕೆಳಗೆ ಕೈ ಕೊಟ್ಟು ಎತ್ತಿ. ಫೂಟ್ ಕೆಳಗೆ ಬಟ್ಟೆ ಇಟ್ಟು ಇಳಿಸಿ, ಗೋಣಿಚೀಲದ ಮೇಲೆ ಕೂರಿಸಿ. ಬಾಬಿನ್ ಕೇಸ್, ರೆಗ್ಯುಲೇಟರ್, ಸ್ಕ್ರೂ ಎಲ್ಲ ಒಂದು ಡಬ್ಬಿಗೆ ಹಾಕಿ ಕೈಯಲ್ಲೇ ಇಟ್ಟುಕೊಳ್ಳಿ. ಆ ಡಬ್ಬಿ ಮರೆತರೆ ಮತ್ತೆ ಅರಸೀಕೆರೆಗೆ ಬರಬೇಕು.

ಅದೇ ಜಾಹೀರಾತು, ಸರಿಯಾಗಿ ಬರೆದರೆ

ಮಾರುವವರು ಹೊಲಿದು ನೋಡಿ, ಬಟ್ಟೆಯ ಎರಡೂ ಬದಿಯ ಫೋಟೋ ಹಾಕಿ ಹೀಗೆ ಬರೆದರೆ ಕೊಳ್ಳುವವರಿಗೆ ಅರ್ಧ ಓಡಾಟ ತಪ್ಪುತ್ತೆ:

"ಕಪ್ಪು ಮನೆ ಮಷಿನ್, ನೇರ ಹೊಲಿಗೆ ಮಾತ್ರ, ಪಿಕೋ ಬರಲ್ಲ. ಕಬ್ಬಿಣದ ಸ್ಟ್ಯಾಂಡ್, ಕಾಲು ಪೆಡಲ್ ಇದೆ. ಸಣ್ಣ ಮೋಟಾರ್, ಮನೆ ಪ್ಲಗ್‌ನಲ್ಲಿ ಓಡುತ್ತೆ, ನಿಧಾನ ಶುರುವಾಗುತ್ತೆ, ರಬ್ಬರ್ ಬೆಲ್ಟ್ ಹಳೆಯದು. ಜೊತೆಗೆ ಬಾಬಿನ್ 4, ಬಾಬಿನ್ ಕೇಸ್ 1 (ಸ್ಪ್ರಿಂಗ್ ಸಡಿಲ), ಜಿಪ್ ಫೂಟ್ 1, ಮುಚ್ಚಳ ಇಲ್ಲ. ಹೊಸ ಸೂಜಿ ಹಾಕಿ ಕಾಟನ್, ಜೀನ್ಸ್ ಎರಡರ ಮೇಲೆ ಹೊಲಿದಿದ್ದೇವೆ. ಹೊಲಿಗೆ ಅಂತರ ಸಮ ಇದೆ, ಹಿಂದಿನ ಹೊಲಿಗೆ ಬರುತ್ತೆ. ಜೀನ್ಸ್ ದಪ್ಪದಲ್ಲಿ ಹೊಲಿಗೆ ಬಿಡುತ್ತೆ, ಶಟಲ್ ಬದಲಾಯಿಸಬೇಕು. ಬೆಲೆ 5,700. ನೆಲ ಮಹಡಿ, ಸಂಜೆ 4ರಿಂದ 7. ನೀವೇ ಬಟ್ಟೆ, ದಾರ ತಂದು ಹೊಲಿದು ನೋಡಿ ಹಣ ಕೊಡಿ. ಅಡ್ವಾನ್ಸ್ 500 ಕೊಟ್ಟರೆ ಮೂರು ದಿನ ಇಡುತ್ತೇವೆ, ಬರೆದ ಹಾಗೆ ಇಲ್ಲದಿದ್ರೆ ಅಡ್ವಾನ್ಸ್ ವಾಪಸ್. ಗಾಡಿ ನಿಮ್ಮದು, ತಲೆ ಬಿಚ್ಚಿ ಕೊಡುವುದು ನಮ್ಮದು."

ತಪ್ಪು ಹೇಳಿಕೊಂಡ್ರೆ ಗಿರಾಕಿ ಬರಲ್ಲ ಅನ್ನೋ ಭಯ ಮಾರುವವರಿಗಿರುತ್ತೆ. ಆದರೆ ಶಟಲ್ ಹೋಗಿದೆ ಅಂತ ಓದಿ ಬಂದವರು ಶಟಲ್ ಖರ್ಚು ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. ಅಂಥವರು ಗೋಣಿಚೀಲ, ಹಗ್ಗ ತಗೊಂಡೇ ಬರೋದು.